ಹತ್ತು ನಿಮಿಷದ ಗ್ರೇಸು ಮತ್ತು ಸವೆದ ಹೆಬ್ಬೆರಳು

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಕೊರಟಗೆರೆ ಕಡೆಯ ನಮ್ಮೂರಿಂದ ಮಧುಗಿರಿಯ ಸರ್ಕಾರಿ ಕಾಲೇಜಿಗೆ ಮೂರು ವರ್ಷ ಬಸ್ಸಿನ ಮೆಟ್ಟಿಲ ಮೇಲೆ ನಿಂತುಕೊಂಡೇ ಓಡಾಡಿ ಬಿ.ಕಾಂ. ಮುಗಿಸಿದೆ. ಫಲಿತಾಂಶ ಬಂದ ದಿನ ನಮ್ಮವ್ವ ಕೇಳಿದ್ದು ಒಂದೇ ಮಾತು: "ಇನ್ ಮ್ಯಾಕೆ ಯಾರಾನ ಕಾಗ್ದ ಕೊಟ್ರೆ ಓದಿ ಯೋಳ್ತೀಯೇನಮ್ಮಿ?" ಓದಿ ಹೇಳ್ತೀನಿ ಅಂದೆ. ಅದಕ್ಕಿಂತ ದೊಡ್ಡ ಕೆಲಸ ಆ ಡಿಗ್ರಿಯಿಂದ ಆಗಬೇಕೆಂದು ಅವಳಿಗೂ ಅನ್ನಿಸಿರಲಿಲ್ಲ, ನನಗೂ ಅನ್ನಿಸಿರಲಿಲ್ಲ.

ಕೆಲಸ ಸಿಕ್ಕಿದ್ದು ಮಧುಗಿರಿಯಿಂದ ಶಿರಾಕ್ಕೆ ಹೋಗುವ ರಸ್ತೆಯಲ್ಲಿದ್ದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ. ಹೊಲಿಗೆಗಲ್ಲ, ಟೈಮ್ ಆಫೀಸಿಗೆ. ಕೆಲಸಗಾರರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂಬ ಲೆಕ್ಕ ಇಡುವ ಕೋಣೆ ಅದು. ಒಂದು ಮೇಜು, ಒಂದು ಕಂಪ್ಯೂಟರು. ಗೋಡೆಯಾಚೆ, ಹೊಲಿಗೆ ಹಾಲಿನ ಬಾಗಿಲ ಪಕ್ಕದಲ್ಲಿ, ಹೆಬ್ಬೆರಳು ಒತ್ತುವ ಒಂದು ಸಣ್ಣ ಕಪ್ಪು ಮಿಷನ್ನು. ಬೆರಳಿಟ್ಟರೆ "ಥ್ಯಾಂಕ್ ಯೂ" ಅನ್ನುತ್ತದೆ. ಗುರುತು ಹತ್ತದಿದ್ದರೆ ಕುಂಯ್ ಎಂದು ಕೆಂಪು ದೀಪ ಹಚ್ಚುತ್ತದೆ. ಅದನ್ನು ಎಲ್ಲರೂ 'ಪಂಚಿಂಗು' ಅನ್ನುತ್ತಿದ್ದರು. ನನ್ನನ್ನು 'ಪಂಚಿಂಗ್ ಮೇಡಂ' ಅನ್ನುತ್ತಿದ್ದರು. ಮೇಡಂ ಅನ್ನಿಸಿಕೊಂಡು ಮೊದಮೊದಲು ನಾನು ಎರಡಿಂಚು ಎತ್ತರವಾಗಿದ್ದೆ, ಅದೂ ನಿಜ.

ಕಾನೂನು ಸರಳವಾಗಿತ್ತು. ಕಟಿಂಗ್ ವಿಭಾಗಕ್ಕೆ ಬೆಳಿಗ್ಗೆ ಏಳರ ಪಾಳಿ, ಹೊಲಿಗೆಯವರಿಗೆ ಎಂಟೂವರೆಯ ಪಾಳಿ. ಪಾಳಿ ಶುರುವಾದ ಮೇಲೆ ಹತ್ತು ನಿಮಿಷ ಗ್ರೇಸು, ಅಂದರೆ ಎಂಟು ನಲವತ್ತರವರೆಗೆ ಒತ್ತಿದರೆ ಮಾಫಿ. ಎಂಟು ನಲವತ್ತೊಂದಕ್ಕೆ ಒತ್ತಿದರೆ ಒಂದು ನಿಮಿಷ ತಡ ಅಂತಲ್ಲ, ಹನ್ನೊಂದು ನಿಮಿಷ ತಡ ಅಂತ ಬೀಳುತ್ತದೆ. ಗ್ರೇಸು ದಾಟಿದರೆ ಎಣಿಕೆ ಮೊದಲಿನಿಂದ ಶುರು. ಹೆಸರಿನ ಮುಂದೆ ಕಂಪ್ಯೂಟರೇ ಒಂದು ಕೆಂಪು 'ಎಲ್' ಹಾಕುತ್ತದೆ. ತಿಂಗಳಿಗೆ ಮೂರು 'ಎಲ್' ಬಿದ್ದರೆ ಅರ್ಧ ದಿನದ ಸಂಬಳ ಹೋಯಿತು, ಹಾಜರಿ ಬೋನಸ್ಸೂ ಹೋಯಿತು. ಒಂಬತ್ತೂವರೆ ದಾಟಿ ಬಂದರೆ ಮೂರರ ಮಾತೇ ಇಲ್ಲ, ಆವತ್ತೇ ಅರ್ಧ ದಿನ. ತಿಂಗಳ ಕೊನೆಗೆ ನಾನು ಒಂದು ಗುಂಡಿ ಒತ್ತಿದರೆ ಈ ಎಲ್ಲವೂ ಸಂಬಳದ ಪಟ್ಟಿಗೆ ಹೋಗಿ ಕೂರುತ್ತಿತ್ತು. ಯಾರದಾದರೂ ಪಾಳಿ ಬದಲಾದರೆ ನಾನು ಅದನ್ನು ಕಂಪ್ಯೂಟರಿನಲ್ಲಿ ಬದಲಾಯಿಸಬೇಕು. ಮರೆತರೆ ಎಂಟೂಕಾಲಿಗೆ ಬಂದ ಪುಣ್ಯಾತ್ಗಿತ್ತಿಯನ್ನೂ ಅದು ಏಳರ ಪಾಳಿಗೆ ತಡ ಎಂದು ಬರೆದುಬಿಡುತ್ತದೆ. ಅಂಥ ತಪ್ಪು ಒಂದೆರಡು ಸಲ ನನ್ನಿಂದ ಆಗಿ, ನಾನೇ ಸರಿಮಾಡಿದ್ದೂ ಇದೆ. 'ಸರಿಮಾಡುವ' ಪುಟ ಕಂಪ್ಯೂಟರಿನಲ್ಲಿತ್ತು. ಆಫೀಸಿನವರಿಗೆ, ಸೂಪರ್‌ವೈಸರುಗಳಿಗೆ ಆ ಪುಟ ಪ್ರತಿ ತಿಂಗಳೂ ತೆರೆಯುತ್ತಿತ್ತು. ಹೊಲಿಗೆಯವರಿಗೆ ಎಚ್.ಆರ್. ಸಾಹೇಬರ ಸಹಿ ಬೇಕಿತ್ತು, ಆ ಸಹಿ ಬೀಳುತ್ತಿರಲಿಲ್ಲ.

ಆ ಹೊಲಿಗೆಯವರಲ್ಲಿ ಒಬ್ಬರು ಐ.ಡಿ.ಹಳ್ಳಿ ಕಡೆಯ ಅಕ್ಕ. ವಯಸ್ಸು ನಲವತ್ತರ ಮೇಲೆ, ಓದು ಏಳನೇ ಕ್ಲಾಸು. ಶರ್ಟಿಗೆ ಕಾಲರ್ ಕೂರಿಸುವುದರಲ್ಲಿ ಇಡೀ ಲೈನಿನಲ್ಲಿ ಅವರ ಸಮ ಇರಲಿಲ್ಲ. ಅವರು ರಜ ಹಾಕಿದ ದಿನ ಮುಂದಿನ ನಾಲ್ಕು ಮಿಷನ್ನಿನವರು ಕೈಕಟ್ಟಿ ಕೂರುತ್ತಿದ್ದರು. ಕಾರ್ಖಾನೆಯ ವ್ಯಾನಿನಲ್ಲೇ ಬರುತ್ತಿದ್ದರು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನನ್ನ ಕಿಟಕಿಯ ಹತ್ತಿರ ಬಂದು, "ಏನ್ ಮೇಡಮ್ಮ, ಇವತ್ತು ಎಷ್ಟ್ ಜನದ್ ಅನ್ನಕ್ಕೆ ಕಲ್ಲಾಕ್ದೆ?" ಎಂದು ನಗುತ್ತಿದ್ದರು.

"ನಾನ್ ಹಾಕಲ್ಲಕ್ಕ, ಕಂಪ್ಯೂಟರ್ ಹಾಕುತ್ತೆ."

"ಅಂಗಂತೀಯ. ಗುಂಡಿ ಒತ್ತೋಳು ನೀನೇ ಅಲ್ವೇನವ್ವ."

ನಗುತ್ತಿದ್ದೆ. ಆ ಮಾತು ನನಗೆ ತಾಕಿದ್ದು ಆಮೇಲೆ.

ಯುಗಾದಿ ಹತ್ತಿರ ಬರುತ್ತಿದ್ದ ಒಂದು ದಿನ ಎಚ್.ಆರ್. ಸಾಹೇಬರು ನನ್ನನ್ನು ಕರೆದು ಒಂದು ಹೆಸರು, ಒಂದು ಟೋಕನ್ ನಂಬರು ಕೊಟ್ಟರು. ಐ.ಡಿ.ಹಳ್ಳಿ ಅಕ್ಕನದು. "ಥರ್ಡ್ ವಾರ್ನಿಂಗ್ ಟೈಪ್ ಮಾಡಮ್ಮ. ಹಿಂದಿನ ಎರಡನ್ನೂ ಉಲ್ಲೇಖಿಸು" ಎಂದರು. ಜನವರಿಯ ಹಾಜರಿಗೆ ಮೊದಲನೆಯ ಎಚ್ಚರಿಕೆ ಪತ್ರ ಹೋಗಿತ್ತು, ಫೆಬ್ರವರಿಯದಕ್ಕೆ ಎರಡನೆಯದು. ಎರಡನ್ನೂ ನಾನೇ ಟೈಪ್ ಮಾಡಿದ್ದೆ, ಯೋಚನೆ ಮಾಡದೆ. ಮೂರನೆಯದರಲ್ಲಿ 'ಪದೇಪದೇ ತಡವಾಗಿ ಬರುವುದು ದುರ್ನಡತೆ. ನಿಮ್ಮನ್ನು ವಿಚಾರಣೆಗೆ ಗುರಿಪಡಿಸಿ ಕೆಲಸದಿಂದ ಏಕೆ ತೆಗೆಯಬಾರದು' ಎಂಬ ಸಾಲು ಇರುತ್ತದೆ. ಆ ಸಾಲಿನ ಪತ್ರ ಪಡೆದ ಯಾರೂ ಮತ್ತೆ ಮಿಷನ್ನಿನ ಮುಂದೆ ಕೂತಿದ್ದನ್ನು ನಾನು ನೋಡಿರಲಿಲ್ಲ. ವಿಚಾರಣೆಗೆ ಮೊದಲೇ ಹೆದರಿಸಿ ರಾಜೀನಾಮೆ ಬರೆಸಿಕೊಂಡು ಬಿಡುತ್ತಿದ್ದರು.

ಟೈಪ್ ಮಾಡಲು ಕೂತೆ. ಆ ಪತ್ರಕ್ಕೆ ತಡವಾದ ತಾರೀಖುಗಳನ್ನು ತುಂಬಬೇಕು. ಫೆಬ್ರವರಿಯಿಂದ ಪಟ್ಟಿ ತೆಗೆದೆ. ಎಂಟು ನಲವತ್ಮೂರು. ಎಂಟು ನಲವತ್ತೊಂದು. ಎಂಟು ನಲವತ್ತಾರು. ಹಿಂದಿನ ವರ್ಷದ್ದನ್ನೂ ತಿರುಗಿಸಿದೆ: ಹೊಸ ಮಿಷನ್ ಬಂದ ಜುಲೈಯಿಂದ ಡಿಸೆಂಬರ್‌ವರೆಗೆ ಒಂದೇ ಒಂದು 'ಎಲ್' ಇಲ್ಲ. ಜನವರಿ ನಡುವಿನಿಂದ ಸಾಲು ಸಾಲು. ಅವರು ಬರುವುದು ಕಾರ್ಖಾನೆಯದೇ ವ್ಯಾನಿನಲ್ಲಿ. ತಡವಾಗಿದ್ದರೆ ಆ ವ್ಯಾನಿನಲ್ಲಿ ಬಂದವರೆಲ್ಲರಿಗೂ ಆಗಬೇಕಲ್ಲ? ಅದೇ ವ್ಯಾನಿನ ಕೆಲವರಿಗೆ 'ಎಲ್' ಇತ್ತು, ಕೆಲವರಿಗೆ ಇರಲಿಲ್ಲ.

ಎದ್ದು ಗೇಟಿಗೆ ಹೋದೆ. ಗೇಟಿನಲ್ಲಿ ಕೂರುತ್ತಿದ್ದವರು ಶಿರಾದ ಒಬ್ಬ ವಯಸ್ಸಾದ ಸೆಕ್ಯುರಿಟಿ ಚಾಚಾ. ಗೇಟು ದಾಟುವ ಪ್ರತಿ ಗಾಡಿಯ ಹೊತ್ತನ್ನೂ ಅವರು ನೀಲಿ ಶಾಯಿಯಲ್ಲಿ ಬರೆದಿಡುತ್ತಿದ್ದರು.

"ಚಾಚಾ, ಐ.ಡಿ.ಹಳ್ಳಿ ವ್ಯಾನ್ ದಿನಾ ಎಷ್ಟೊತ್ತಿಗೆ ಬರುತ್ತೆ?"

"ಎಂಟು ಇಪ್ಪತ್ತು, ಇಪ್ಪತ್ತೆರಡು. ಎಂಟೂವರೆ ಮೇಲೆ ಹೋಗಿದ್ದು ಟೈರ್ ಪಂಚರ್ ಆದ ದಿನ ಒಂದೇ. ನೋಡ್ಕೊ ಬೇಟಾ, ನಮ್ದು ಬುಕ್ಕಲ್ಲಿ ಝೂಟ್ ಇಲ್ಲ."

ಇರಲಿಲ್ಲ. ಎಂಟು ಇಪ್ಪತ್ತೊಂದಕ್ಕೆ ಗೇಟು ದಾಟಿದ ಹೆಂಗಸು ಎಂಟು ನಲವತ್ತಾರಕ್ಕೆ ಹೆಬ್ಬೆರಳು ಒತ್ತಿದ್ದಾರೆ. ನಡುವೆ ಇಪ್ಪತ್ತೈದು ನಿಮಿಷ. ಬ್ಯಾಗು ತಪಾಸಣೆ ಇತ್ತು ನಿಜ, ಆಮೇಲೆ ಚಪ್ಪಲಿ ಬಿಡಬೇಕು, ತಲೆಗೆ ಬಟ್ಟೆ ಕಟ್ಟಬೇಕು, ಆಮೇಲೆ ಪಂಚಿಂಗ್ ಸಾಲು. ಇನ್ನೂರು ಜನಕ್ಕೆ ಇದ್ದದ್ದು ಒಂದೇ ಮಿಷನ್ನು. ಆದರೂ ಡಿಸೆಂಬರಿನಲ್ಲಿ ಅದೇ ಸಾಲು ಎಂಟೂವರೆಗೆಲ್ಲಾ ಕರಗುತ್ತಿತ್ತು.

ಮರುದಿನ ಬೆಳಿಗ್ಗೆ ಕುರ್ಚಿ ಬಿಟ್ಟು ಮಿಷನ್ನಿನ ಪಕ್ಕ ನಿಂತೆ. ಎರಡು ವರ್ಷದಲ್ಲಿ ಪಾಳಿ ಶುರುವಾಗುವ ಹೊತ್ತಿನಲ್ಲಿ ನಾನು ಅಲ್ಲಿ ನಿಂತದ್ದು ಅದೇ ಮೊದಲು. ಯಾವತ್ತೂ ಪರದೆಯ ಮೇಲೆ ಮಾತ್ರ ನೋಡಿದವಳು. ಒಬ್ಬಳು ಬೆರಳಿಟ್ಟಳು, ಥ್ಯಾಂಕ್ ಯೂ. ಇನ್ನೊಬ್ಬಳು, ಥ್ಯಾಂಕ್ ಯೂ. ಮೂರನೆಯವಳು ಪಾವಗಡದ ಕಡೆಯವಳು. ಇಟ್ಟಳು, ಕುಂಯ್. ಸೆರಗಿಗೆ ಒರೆಸಿ ಇಟ್ಟಳು, ಕುಂಯ್. ಬಾಯಿಂದ ಊದಿ ಇಟ್ಟಳು, ಕುಂಯ್. "ಅಯ್ಯೋ ದೇವುಡಾ, ಇದ್ಕೇನ್ ರೋಗ ಬಂದೈತೋ" ಎಂದು ಕೂದಲಿಗೆ ಉಜ್ಜಿ ಎಣ್ಣೆ ಹತ್ತಿಸಿ ಇಟ್ಟಳು. ಆಗ ಥ್ಯಾಂಕ್ ಯೂ. ಹಿಂದೆ ನಿಂತವರು, "ಅದ್ಕೆ ಕುಂಕುಮ ಇಟ್ಟು ಕಾಯಿ ಒಡಿಯಮ್ಮೀ, ಬೇಗ ಒಲಿಯತ್ತೆ" ಎಂದು ಛೇಡಿಸುತ್ತಿದ್ದರು. ಐ.ಡಿ.ಹಳ್ಳಿ ಅಕ್ಕನ ಸರದಿ ಬಂತು. ಐದು ಸಲ ಇಟ್ಟರು. ಆರನೆಯದಕ್ಕೂ ಆಗಲಿಲ್ಲ. ಹಿಂದಿನವರ ಗೊಣಗಾಟ ತಾಳಲಾರದೆ, "ನೀವ್ ಹೋಗ್ರಮ್ಮ, ನಂದು ಆಮ್ಯಾಕೆ" ಎಂದು ಪಕ್ಕಕ್ಕೆ ಸರಿದು ಸಾಲಿನ ಕೊನೆಗೆ ಹೋಗಿ ನಿಂತರು.

ಅಲ್ಲಿಗೆ ಹೋಗಿ ಅವರ ಬಲಗೈ ಹಿಡಿದು ತಿರುಗಿಸಿ ನೋಡಿದೆ. ಹೆಬ್ಬೆರಳಿನ ತುದಿ ಸವೆದು ನುಣುಪಾಗಿತ್ತು, ಅಂಚಿನಲ್ಲಿ ಕಂದು ಬಣ್ಣ, ಸಣ್ಣ ಸಣ್ಣ ಬಿರುಕು. ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದು ಹುಣಸೆಹಣ್ಣಿನ ಕೈ. ಸಂಕ್ರಾಂತಿ ಕಳೆದರೆ ನಮ್ಮ ಕಡೆ ಹಣ್ಣು ಬಡಿಯುತ್ತಾರೆ. ಓಡು ಒಡೆದು, ನಾರು ಎಳೆದು, ಬೀಜ ಬಿಡಿಸುವ ಕೆಲಸ ಬೇಸಿಗೆ ಮುಗಿಯುವವರೆಗೂ ಮನೆಮನೆಯ ಹೆಂಗಸರದು. ಹಣ್ಣನ್ನು ಸೀಳಿ ಬೀಜವನ್ನು ಹೊರಕ್ಕೆ ತಳ್ಳುವುದು ಬಲಗೈ ಹೆಬ್ಬೆರಳು. ಹುಳಿ ತಿಂದು ತಿಂದು ಅದರ ಚರ್ಮ ತೆಳ್ಳಗಾಗುತ್ತದೆ. ನಮ್ಮವ್ವನ ಹೆಬ್ಬೆರಳು ಮಳೆಗಾಲಕ್ಕೆ ಮತ್ತೆ ಗೆರೆ ಮೂಡಿಸಿಕೊಳ್ಳುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ.

ಹಾಗಾದರೆ ಈ ಮಿಷನ್ನಿಗೆ ಎಲ್ಲರ ಬಲಗೈ ಹೆಬ್ಬೆರಳನ್ನೇ ಕೊಟ್ಟವರು ಯಾರು? ನಾನೇ. ಹಿಂದಿನ ಜುಲೈಯಲ್ಲಿ ಹೊಸ ಮಿಷನ್ ಬಂದಾಗ ಇನ್ನೂರು ಜನರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರದೇ ಹೆಬ್ಬೆರಳು ಹಿಡಿದು ಒತ್ತಿಸಿದ್ದೆ. ಒಬ್ಬರಿಗೆ ಎರಡು ಮೂರು ಬೆರಳು ದಾಖಲಿಸುವ ಅನುಕೂಲ ಅದರಲ್ಲಿತ್ತು. ಬೇಗ ಮುಗಿಯಲಿ ಅಂತ ಒಂದೇ ಸಾಕು ಅಂದುಕೊಂಡೆ. ಜುಲೈಯಲ್ಲಿ ಎಲ್ಲರ ಹೆಬ್ಬೆರಳೂ ಚೆನ್ನಾಗಿತ್ತು. ಹುಣಸೆಹಣ್ಣಿನ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೇಡಂ ಆಗಿದ್ದೆನಲ್ಲ.

ಆವತ್ತು ಪತ್ರ ಟೈಪ್ ಮಾಡಲಿಲ್ಲ. ಬದಲಿಗೆ ಮಿಷನ್ನಿನ ಹೊಟ್ಟೆಯಲ್ಲಿದ್ದ ಕಚ್ಚಾ ಪಟ್ಟಿಯನ್ನು ಇಳಿಸಿಕೊಂಡೆ. ಸೋತ ಪ್ರಯತ್ನಗಳನ್ನು ಆ ಮಿಷನ್ ಬರೆದಿಡುವುದಿಲ್ಲ, ಗೆದ್ದದ್ದನ್ನು ಮಾತ್ರ ಬರೆಯುತ್ತದೆ. ಆದರೆ ಸೆಕೆಂಡಿನ ಲೆಕ್ಕದಲ್ಲಿ ಬರೆಯುತ್ತದೆ. ಡಿಸೆಂಬರಿನಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ನಾಲ್ಕು ಸೆಕೆಂಡು, ಐದು ಸೆಕೆಂಡು. ಫೆಬ್ರವರಿಯಲ್ಲಿ ನಾಲ್ಕು, ಐದು, ಆಮೇಲೆ ಇದ್ದಕ್ಕಿದ್ದಂತೆ ಐವತ್ತು. ಮತ್ತೆ ನಾಲ್ಕು, ಆಮೇಲೆ ಮೂವತ್ತೆಂಟು. ಸಾಲು ತುಂಬಿ ನಿಂತಿರುವಾಗ ಐವತ್ತು ಸೆಕೆಂಡು ಮಿಷನ್ ಖಾಲಿ ಇರಲು ಸಾಧ್ಯವೇ? ಆ ಖಾಲಿ ಜಾಗದಲ್ಲಿ ಒಬ್ಬ ಹೆಂಗಸು ಸೆರಗಿಗೆ ಬೆರಳು ಒರೆಸುತ್ತಾ ನಿಂತಿದ್ದಾಳೆ. ಅಂಥ ಖಾಲಿಗಳು ಕೂಡಿ ಕೂಡಿ ಸಾಲಿನ ಬಾಲದಲ್ಲಿದ್ದವರನ್ನು ಎಂಟು ನಲವತ್ತರ ಆಚೆಗೆ ತಳ್ಳುತ್ತಿದ್ದವು. ಬೆರಳು ಚೆನ್ನಾಗಿದ್ದವರಿಗೂ 'ಎಲ್' ಬಿದ್ದಿದ್ದು ಹಾಗೆ.

ಎರಡು ಕಾಗದ ಪಕ್ಕಪಕ್ಕ ಅಂಟಿಸಿಕೊಂಡು ಸಾಹೇಬರ ಕೋಣೆಗೆ ಹೋದೆ. ಎಡಗಡೆ ಗೇಟಿನ ಪುಸ್ತಕದ ಹೊತ್ತು, ಬಲಗಡೆ ಮಿಷನ್ನಿನ ಹೊತ್ತು. ಹುಣಸೆಹಣ್ಣು ಬಿಡಿಸಿ ಸವೆದ ಹೆಬ್ಬೆರಳಿನ ವಿಷಯವನ್ನೂ ಹೇಳಿದೆ. ಅವರು ದಡ್ಡರಲ್ಲ, ಒಂದೇ ನೋಟಕ್ಕೆ ಅರ್ಥವಾಯಿತು.

"ಸರಿ, ಬೇರೆ ಬೆರಳು ಎನ್‌ರೋಲ್ ಮಾಡಿಬಿಡು. ಇವತ್ತೇ ಮಾಡು. ಒಳ್ಳೆ ಕೆಲಸ."

"ಮಾಡ್ತೀನಿ ಸರ್. ಹಳೇ ಲೇಟ್ ಮಾರ್ಕುಗಳು?"

"ಜನವರಿ, ಫೆಬ್ರವರಿ ಸಂಬಳ ಆಗಿಹೋಗಿದೆ. ಕ್ಲೋಸ್ ಆದ ತಿಂಗಳು ತೆಗೆಯೋಕಾಗಲ್ಲ."

"ತೆಗೆಯೋದು ಬೇಡ ಸರ್. ಈ ತಿಂಗಳ ಪಟ್ಟಿಯಲ್ಲಿ ಹಿಂದಿನ ಬಾಕಿ ಅಂತ ಒಂದು ಕಾಲಮ್ ಇದೆ. ಇಂಕ್ರಿಮೆಂಟ್ ತಡವಾದಾಗ ಆಫೀಸಿನವರಿಗೆ ಅದರಲ್ಲೇ ಹಾಕಿದ್ವಿ."

ಅವರು ಕನ್ನಡಕ ತೆಗೆದರು. "ಮನೇಲಿ ಅಡ್ಡ ಕೆಲಸ ಮಾಡಿ ಬೆರಳು ಹಾಳು ಮಾಡ್ಕೊಂಡ್ರೆ ಅದಕ್ಕೆ ಕಂಪನಿ ಹೊಣೆಯಾ? ಡಬಲ್ ಎಂಪ್ಲಾಯ್‌ಮೆಂಟ್ ಆಗುತ್ತೆ ಇದು. ನಾನು ಆ ದಾರಿ ಹಿಡಿದ್ರೆ ನಿಮ್ಮಕ್ಕನಿಗೆ ಇನ್ನೂ ಕಷ್ಟ."

ಸಹಾಯ ಮಾಡಲು ಹೋಗಿ ಸಾಹೇಬರ ಕೈಗೆ ನಾನೇ ಇನ್ನೊಂದು ದೊಣ್ಣೆ ಕೊಟ್ಟೆನೇ? ಆದರೆ ಡಿಗ್ರಿಯ ಕೊನೆಯ ವರ್ಷ ಕಾರ್ಮಿಕ ಕಾನೂನು ಅಂತ ಒಂದು ವಿಷಯ ನಮಗಿತ್ತು. ಮೇಷ್ಟ್ರು ಪರೀಕ್ಷೆಗೆ ಬರುವ ಪ್ರಶ್ನೆ ಎಂದು ಹೇಳಿ ಬಾಯಿಪಾಠ ಮಾಡಿಸಿದ್ದರು. ಬಾಯಿಪಾಠ ಮಾಡಿದ್ದು ಬಾಯಿಗೆ ಬಂತು.

"ಎರಡು ಕಾರ್ಖಾನೆಯಲ್ಲಿ ಕೆಲಸ ಮಾಡಬಾರದು ಅಂತ ಇದೆ ಸರ್. ಮನೆ ಜಗುಲಿ ಕಾರ್ಖಾನೆ ಅಲ್ಲ. ಇನ್ನೊಂದು. ಎಷ್ಟು ಹೊತ್ತು ಕೆಲಸಕ್ಕೆ ಇರಲಿಲ್ಲವೋ ಅಷ್ಟು ಹೊತ್ತಿನ ಸಂಬಳ ಮಾತ್ರ ಹಿಡೀಬಹುದು. ಅದಕ್ಕಿಂತ ಒಂದು ನಿಮಿಷದ್ದೂ ಜಾಸ್ತಿ ಹಿಡಿಯೋ ಹಾಗಿಲ್ಲ. ಇವರದು ಫೆಬ್ರವರಿಯಲ್ಲಿ ಹದಿಮೂರು, ಹನ್ನೊಂದು, ಹದಿನಾರು. ಒಟ್ಟು ನಲವತ್ತು ನಿಮಿಷ. ನಾವು ಹಿಡಿದಿರೋದು ನಾಲ್ಕು ಗಂಟೆ."

"ಹಾಜರಿ ಬೋನಸ್ ಕಂಪನಿ ಇಷ್ಟ."

"ಅದು ಕಂಪನಿ ಇಷ್ಟ ಅಂತಾನೇ ಇಟ್ಕೊಳ್ಳಿ. ಸಂಬಳ ಇಷ್ಟ ಅಲ್ಲ."

ಅವರು ದನಿ ಮೆತ್ತಗೆ ಮಾಡಿದರು. "ನೋಡಮ್ಮ, ನೀನು ಓದಿದ ಹುಡುಗಿ. ನಾಳೆ ಎಕ್ಸಿಕ್ಯುಟಿವ್ ಆಗೋಳು. ಆಯಮ್ಮನ ಹತ್ರ ಒಂದು ತಪ್ಪೊಪ್ಪಿಗೆ ಬರೆಸಿಕೊಂಡು ಬಾ. 'ತಡವಾಗಿ ಬಂದದ್ದು ನನ್ನ ತಪ್ಪು, ಇನ್ನು ಮುಂದೆ ಬರುವುದಿಲ್ಲ' ಅಂತ. ಮೂರನೇ ಪತ್ರ ನಿಲ್ಲಿಸ್ತೀನಿ. ಕೆಲಸ ಉಳಿಯುತ್ತೆ. ಎಲ್ಲರಿಗೂ ಒಳ್ಳೇದು."

ನಿಜ ಹೇಳುತ್ತೇನೆ, ನನಗೆ ಅದು ಒಳ್ಳೆಯ ದಾರಿ ಅನ್ನಿಸಿತು. ಕಾನೂನು ಮಾತಾಡಿ ಗೆದ್ದೆ ಎಂಬ ಬಿಸಿಯಲ್ಲಿದ್ದೆ. ತಪ್ಪೊಪ್ಪಿಗೆಯನ್ನು ನಾನೇ ದುಂಡಗಿನ ಅಕ್ಷರದಲ್ಲಿ ಬರೆದು, ಊಟದ ಹೊತ್ತಿನಲ್ಲಿ ಅಕ್ಕನ ಮುಂದೆ ಹಿಡಿದು, ನಡೆದದ್ದನ್ನೆಲ್ಲಾ ಹೇಳಿದೆ. ಅವರು ಮುದ್ದೆ ಮುರಿಯುತ್ತಾ ಕೇಳಿಸಿಕೊಂಡರು. ಕೈ ತೊಳೆದು ಬಂದು ಕಾಗದ ಇಸಿದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತಾವೇ ಓದಿದರು.

"ತಡ ಆಗಿ ಬಂದದ್ದು ನನ್ ತಪ್ಪು." ನಿಲ್ಲಿಸಿ ನನ್ನ ಮುಖ ನೋಡಿದರು. "ನಾನ್ ಯಾವತ್ತು ತಡ ಆಗಿ ಬಂದೆ ಕಣಮ್ಮ?"

"ಬಂದಿಲ್ಲಕ್ಕ. ಆದ್ರೆ ಇದೊಂದು ಬರೆದುಕೊಟ್ರೆ ಕೆಲಸ ಉಳಿಯುತ್ತೆ."

"ಅಂಗಾರೆ ಬರ್ದಿರೋದು ಸುಳ್ಳು."

"ಸುಳ್ಳೇ. ಆದ್ರೆ..."

"ನೀನ್ ಡಿಗ್ರಿ ಓದಿದ್ದೀಯಾ. ನಾನ್ ಏಳ್ನೇ ಕ್ಲಾಸು. ಓದ್ದೋರು ಸುಳ್ಳು ಬರ್ಕೊಟ್ಟು ಸೈನ್ ಮಾಡು ಅಂದ್ರೆ ನಾವ್ ಎಲ್ಲಿಗೋಗಾನ?" ದನಿ ಏರಿಸಲಿಲ್ಲ. "ಹೊತ್ಗೆ ಮುಂಚೆ ಗೇಟ್ ಒಳ್ಗೆ ಬಂದು ಹತ್ತು ಕಿತ ಬೆರ್ಳಿಟ್ಟಿವ್ನಿ. ಆ ಮಿಸನ್ನು ನನ್ ಮೊಕ ನೋಡಿ 'ನೀ ಯಾರ್ ಗೊತ್ತಿಲ್ಲ ಹೋಗು' ಅಂತು. ಅದ್ಕೆ ನಾನ್ ತಪ್ಪಾಯ್ತು ಅನ್ಬೇಕಾ? ಕೆಲ್ಸ ಹೋದ್ರೆ ಹೋಗ್ಲಿ ಬುಡು. ಇವತ್ತು ಇದ್ಕೆ ಸೈನ್ ಹಾಕಿದ್ರೆ ಇನ್ನೊಂದ್ ಕಿತ ಇದನ್ನೇ ಮೊಕಕ್ಕೆ ಇಡೀತಾನೆ, 'ನೀನೇ ಒಪ್ಕೊಂಡಿದ್ಯಲ್ಲ' ಅಂತ."

ಕಾಗದವನ್ನು ಹರಿಯಲಿಲ್ಲ. ಅಚ್ಚುಕಟ್ಟಾಗಿ ಮಡಿಚಿ ನನ್ನ ಕೈಗೆ ವಾಪಸು ಕೊಟ್ಟರು. ಪಕ್ಕದಲ್ಲಿ ಕೂತಿದ್ದ ಪಾವಗಡದವಳು, "ನಮ್ದೂ ಸೇರ್ಸಕ್ಕಾ, ನಾವೂ ಆಕಲ್ಲ" ಎಂದಳು. ಅವಳಿಗೆ ಯಾರೂ ಸೈನ್ ಕೇಳಿರಲೇ ಇಲ್ಲ. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಪದವಿ ಪ್ರಮಾಣಪತ್ರವನ್ನು ಗಾಜಿನ ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ ಮನೆಯವಳು ನಾನು. ಆ ಮಧ್ಯಾಹ್ನ ಆ ಚೌಕಟ್ಟು ನೆನೆದು ನಾಚಿಕೆಯಾಯಿತು. ಕಾನೂನು ಗೊತ್ತಿದ್ದವಳು ರಾಜಿಗೆ ಬಂದಿದ್ದೆ, ಗೊತ್ತಿಲ್ಲದವರು ರಾಜಿಯಾಗಲಿಲ್ಲ.

ಸಾಹೇಬರಿಗೆ ಹೇಳಿದೆ: ಸೈನ್ ಹಾಕಲ್ಲವಂತೆ. "ಹಾಗಾದ್ರೆ ಥರ್ಡ್ ಲೆಟರ್ ಟೈಪ್ ಮಾಡು" ಎಂದರು. ಮಾಡಲ್ಲ ಅಂದೆ. ಅಷ್ಟು ಸಣ್ಣ ಮಾತು. ಆ ಕೋಣೆಯಲ್ಲಿ ಆ ಮಾತನ್ನು ಹೇಳಿದವರು ನನಗೆ ಮೊದಲು ಯಾರಾದರೂ ಇದ್ದರೋ ಗೊತ್ತಿಲ್ಲ. "ನೀನು ಮಾಡದಿದ್ರೆ ಬೇರೆ ಯಾರೋ ಮಾಡ್ತಾರೆ" ಎಂದರು. ಅದು ನಿಜವೇ. ಬೇರೆ ಯಾರೋ ಟೈಪ್ ಮಾಡುವುದಕ್ಕೆ ಒಂದು ದಿನ ಬೇಕು. ನನಗೆ ಒಂದು ದಿನ ಸಾಕಾಗಿತ್ತು.

ಕಾರ್ಖಾನೆಗೆ ಬರುವ ಪ್ರತಿ ಕಾಗದಕ್ಕೂ ಒಳಬಂದ ಪತ್ರಗಳ ಪುಸ್ತಕದಲ್ಲಿ ನಂಬರು ಬೀಳುತ್ತದೆ, ಸೀಲು ಬೀಳುತ್ತದೆ. ಕರೆಂಟು ಬಿಲ್ಲಾದರೂ ಸರಿ, ಕೆಲಸಗಾರರ ಅರ್ಜಿಯಾದರೂ ಸರಿ. ನಂಬರು ಬಿದ್ದ ಕಾಗದ ಕಳೆದುಹೋಗುವ ಹಾಗಿಲ್ಲ. ನಡುವಿನ ನಂಬರು ಇಲ್ಲದಿದ್ದರೆ ಬಟ್ಟೆ ಕೊಳ್ಳುವ ಕಂಪನಿಯವರು ಕಳಿಸುವ ಆಡಿಟರುಗಳು ಎಲ್ಲಿ ಎಂದು ಕೇಳುತ್ತಾರೆ. ಅವರು ಬಂದಾಗಲೆಲ್ಲ ಮೊದಲು ಕೇಳುವುದು ಮಿಷನ್ನಿನ ಪಟ್ಟಿ, ಗೇಟಿನ ಪುಸ್ತಕ, ಸಂಬಳದ ಪಟ್ಟಿ. ಮೂರನ್ನೂ ಒಂದರ ಪಕ್ಕ ಒಂದಿಟ್ಟು ತಾಳೆ ನೋಡುತ್ತಾರೆ. ಇದು ಸಾಹೇಬರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಕಾರ್ಖಾನೆ ಮ್ಯಾನೇಜರಿಗೆ ಕನ್ನಡದಲ್ಲಿ ಒಂದು ಪುಟ ಬರೆದೆ. ಮೊದಲ ಸಾಲಿನಲ್ಲಿ ನನ್ನ ತಪ್ಪನ್ನೇ ಬರೆದೆ: ಜುಲೈಯಲ್ಲಿ ಒಂದೇ ಬೆರಳು ದಾಖಲಿಸಿದ್ದು ನಾನು, ಅದರಿಂದ ಹುಣಸೆಹಣ್ಣಿನ ಕಾಲದಲ್ಲಿ ಗುರುತು ಹತ್ತಿಲ್ಲ, ಗೇಟಿಗೆ ಹೊತ್ತಿಗೆ ಮುಂಚೆ ಬಂದವರಿಗೆ ತಡದ ಗುರುತು ಬಿದ್ದಿದೆ. ಕೆಳಗೆ ತಾರೀಖು, ಎರಡು ಹೊತ್ತು, ಹಿಡಿದ ಅರ್ಧ ದಿನಗಳು. ಕೊನೆಗೆ: ಈ ದಾಖಲೆ ತಪ್ಪು ಎಂದು ಗೊತ್ತಿದ್ದೂ ಇದರ ಮೇಲೆ ಪತ್ರ ಟೈಪ್ ಮಾಡಲು ನನ್ನಿಂದ ಆಗುವುದಿಲ್ಲ. ಸಹಿ ಹಾಕಿ, ಬಿ.ಕಾಂ. ಎಂದೂ ಬರೆದೆ. ಬೇಕೆಂದೇ ಬರೆದೆ. ಆಮೇಲೆ ನಾನೇ ಮುಂದೆ ನಿಂತು ನಂಬರು ಹಾಕಿಸಿ, ಸೀಲು ಒತ್ತಿಸಿ, ನಕಲಿನ ಮೇಲೂ ಒತ್ತಿಸಿಕೊಂಡೆ.

ಅದೇ ದಿನ ಚಹಾ ಬಿಡುವಿನಲ್ಲಿ ಹುಣಸೆಹಣ್ಣಿನ ಕೈಯವರನ್ನೆಲ್ಲಾ ಕರೆದು ಎಡಗೈ ಉಂಗುರ ಬೆರಳು, ಕಿರುಬೆರಳು ದಾಖಲಿಸಿದೆ. ಮರುದಿನ ಸಾಲು ಎಂಟು ಇಪ್ಪತ್ತೊಂಬತ್ತಕ್ಕೆ ಮುಗಿಯಿತು. ಅದನ್ನೂ ಒಂದು ಸಾಲು ಬರೆದು ಮೊದಲ ಕಾಗದಕ್ಕೆ ಪಿನ್ ಮಾಡಿಸಿದೆ.

ಮೂರು ದಿನ ಯಾರೂ ನನ್ನ ಹತ್ತಿರ ಮಾತಾಡಲಿಲ್ಲ. ಆಫೀಸಿನಲ್ಲಿ ಚಹಾ ತರುವಾಗ ನನ್ನ ಲೋಟ ಮರೆಯುತ್ತಿದ್ದರು. ನಾಲ್ಕನೆಯ ದಿನ ಮ್ಯಾನೇಜರ ಕೋಣೆಗೆ ಕರೆ ಬಂತು, ನನಗೂ ಅಕ್ಕನಿಗೂ. ಎಚ್.ಆರ್. ಸಾಹೇಬರೂ ಅಲ್ಲೇ ಇದ್ದರು. ಮ್ಯಾನೇಜರು ಹೆಚ್ಚು ಮಾತಿನವರಲ್ಲ. ನನ್ನ ಕಾಗದ ಮೇಜಿನ ಮೇಲಿತ್ತು, ಗೇಟಿನ ಪುಸ್ತಕವೂ ಇತ್ತು.

"ಮೂರು ತಿಂಗಳ ಲೇಟ್ ಮಾರ್ಕು ಸರಿಮಾಡಿ. ಗೇಟ್ ಟೈಮಿಗೆ ಬಂದವರದು ಎಲ್ಲರದೂ. ಹಿಡಿದಿರೋದು ಈ ತಿಂಗಳ ಪಟ್ಟಿಯಲ್ಲಿ ಬಾಕಿ ಅಂತ ಬರಲಿ" ಎಂದರು. ಆಮೇಲೆ ಅಕ್ಕನ ಕಡೆ ತಿರುಗಿ, "ನಿಮ್ಮ ಮೇಲೆ ಏನೂ ಇಲ್ಲಮ್ಮ. ಪತ್ರ ಎಲ್ಲಾ ಕ್ಯಾನ್ಸಲ್. ಹೋಗಿ ಕೆಲಸ ನೋಡಿ" ಎಂದರು.

ಕೊನೆಗೆ ನನಗೆ. "ನೀವು ಒಂದನೇ ತಾರೀಖಿನಿಂದ ಸ್ಟೋರಿಗೆ ಹೋಗಿ." ಸ್ಟೋರು ಅಂದರೆ ಗುಂಡಿ, ಜಿಪ್ಪು, ನೂಲಿನುಂಡೆ ಎಣಿಸಿ ಕೊಡುವ ಜಾಗ. ಯಾಕೆ ಎಂದು ಕೇಳಲಿಲ್ಲ. ಯಾಕೆಂದು ಇಬ್ಬರಿಗೂ ಗೊತ್ತಿತ್ತು. ಟೈಮ್ ಆಫೀಸಿನ ಗುಂಡಿ ಒತ್ತಲು ಇನ್ನು ನನ್ನನ್ನು ನಂಬುವಂತಿಲ್ಲ ಎಂಬುದೇ ಅದರ ಅರ್ಥವಾದರೆ, ಅದು ನನಗೆ ಸಿಕ್ಕ ಇನ್ನೊಂದು ಸರ್ಟಿಫಿಕೇಟು. ಆಯ್ತು ಸರ್ ಅಂದೆ. ಈ ತಿಂಗಳ ಸಂಬಳದ ಪಟ್ಟಿ ನಾನೇ ಮುಗಿಸಿ ಹೋಗ್ತೀನಿ ಅಂದೆ. ಮ್ಯಾನೇಜರು ತಲೆ ಆಡಿಸಿದರು.

ಮಾತು ಮುಗಿಯಿತು ಎಂದುಕೊಂಡು ಬಾಗಿಲಿಗೆ ತಿರುಗಿದೆ. ಅಕ್ಕ ಅಲುಗಲಿಲ್ಲ. ಮೇಜಿನ ಮುಂದೆ ನಿಂತೇ ಇದ್ದರು.

"ಏನಮ್ಮ ಇನ್ನೂ?" ಎಂದರು ಎಚ್.ಆರ್. ಸಾಹೇಬರು.

"ಕ್ಯಾನ್ಸಲ್ ಅಂದ್ರಲ್ಲ ಸಾ. ಅದ್ನ ಬರ್ಕೊಡಿ."

"ಬಾಯಲ್ಲಿ ಹೇಳಿದ್ರಲ್ಲ ಸಾಹೇಬ್ರು."

"ತಡ ಬಂದೆ ಅಂತ ಯೋಳಾಗ ಬಾಯಾಗ್ ಯೋಳ್ಲಿಲ್ಲ ನೀವು. ಸೀಲ್ ಹಾಕಿ ಎಲ್ಡ್ ಕಾಗ್ದ ಕೊಟ್ರಿ. ತಡ ಬಂದಿಲ್ಲ ಅನ್ನೋದ್ಕೂ ಒಂದ್ ಕಾಗ್ದ ಕೊಡಿ. ನಂಗೇನ್ ಆತ್ರ ಇಲ್ಲ, ನಿಂತಿರ್ತೀನಿ."

ಸಾಹೇಬರು ಗೋಡೆಯ ಗಡಿಯಾರ ತೋರಿಸಿದರು. "ಚಹಾ ಬಿಡುವು ಮುಗೀತಾ ಬಂತು. ಲೈನಿಗೆ ಹೋಗೋದು ಲೇಟ್ ಆಗುತ್ತೆ ನಿನಗೆ."

"ಆಗ್ಲಿ ಬುಡಿ ಸಾ" ಎಂದರು ಅಕ್ಕ. "ಅದ್ನೂ ಬರ್ಕಳಿ. ಇವತ್ತಿಂದು ನಿಜ್ವಾದ್ ಲೇಟು."

ಮ್ಯಾನೇಜರು ನಗು ತಡೆಯಲು ಮೂಗು ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡಿ, "ಟೈಪ್ ಮಾಡಿ ತನ್ನಿ" ಎಂದರು. ನಾನು ಓಡಿದೆ. ನಾಲ್ಕು ಸಾಲು. ಹಿಂದಿನ ಎರಡೂ ಪತ್ರಗಳ ನಂಬರು, ತಾರೀಖು ಹಾಕಿ, 'ಇವನ್ನು ಹಿಂಪಡೆಯಲಾಗಿದೆ, ಸದರಿ ದಿನಗಳಲ್ಲಿ ನೀವು ನಿಗದಿತ ಸಮಯಕ್ಕೆ ಹಾಜರಿದ್ದಿರಿ' ಎಂದು ಟೈಪ್ ಮಾಡಿದೆ. ಆ ಎರಡು ವರ್ಷದಲ್ಲಿ ನಾನು ಟೈಪ್ ಮಾಡಿದ್ದರಲ್ಲಿ ಪೂರ್ತಿ ನಿಜವಾದ ಪತ್ರ ಅದೊಂದೇ ಇರಬೇಕು. ಸಹಿಯಾಯಿತು, ಸೀಲು ಬಿತ್ತು. ಅಕ್ಕ ಅಲ್ಲೇ ನಿಂತು, ಯಾರಿಗೂ ಹೆದರದೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದರು. ಆ ನಾಲ್ಕು ಸಾಲು ಮುಗಿಯುವವರೆಗೆ ಮೂವರೂ ಕಾದೆವು.